ಬೆಳಗಿನ ವ್ಯಾಯಾಮವೋ ಸಂಜೆಯದೋ: ನಿದ್ದೆಯ ನಡುಹೊತ್ತು ಹಿಡಿದು ಹಾಕಿದ ಲೆಕ್ಕ

ವ್ಯಾಯಾಮಕ್ಕೆ ಹೊತ್ತು ಗೊತ್ತು ಮಾಡುವಾಗ ಹೆಚ್ಚಿನವರು ಅಲಾರಾಂ ಇಟ್ಟು ಶುರು ಮಾಡುತ್ತಾರೆ. ನಾನು ಶುರು ಮಾಡಿದ್ದು ಎರಡು ವಾರದ ನಿದ್ದೆಯ ಪಟ್ಟಿಯಿಂದ. ದಿನಕ್ಕೆ ಎರಡೇ ಅಂಕಿ: ನಿದ್ದೆ ಹತ್ತಿದ್ದು ಅಂದಾಜು ಎಷ್ಟಕ್ಕೆ, ಎಚ್ಚರವಾದದ್ದು ಎಷ್ಟಕ್ಕೆ. ರಜೆಯ ದಿನ ಅಲಾರಾಂ ಇಡಬಾರದು. ಇಟ್ಟರೆ ಪಟ್ಟಿ ಬರೆದೂ ಪ್ರಯೋಜನವಿಲ್ಲ.

ನನ್ನ ಸರಾಸರಿ ಹೀಗಿತ್ತು. ಕೆಲಸದ ದಿನ ರಾತ್ರಿ 12ಕ್ಕೆ ಮಲಗಿ ಬೆಳಿಗ್ಗೆ 7ಕ್ಕೆ ಏಳುವುದು, ಅಂದರೆ 7 ಗಂಟೆ ನಿದ್ದೆ. ರಜೆಯ ದಿನ 12:30ಕ್ಕೆ ಮಲಗಿ 9ಕ್ಕೆ ಏಳುವುದು, ಅಂದರೆ ಎಂಟೂವರೆ ಗಂಟೆ. ಈ ನಿದ್ದೆಯ ಸರಿಯಾದ ಮಧ್ಯದ ಸಮಯವನ್ನು ನೋಡಬೇಕು. ಕೆಲಸದ ದಿನ ಅದು 3:30, ರಜೆಯ ದಿನ 4:45. ನಡುವೆ ಒಂದೂಕಾಲು ಗಂಟೆಯ ಅಂತರ. ಮೈಯೊಳಗಿನ ಗಡಿಯಾರಕ್ಕೂ ಆಫೀಸಿನ ಗಡಿಯಾರಕ್ಕೂ ಎಷ್ಟು ತಾಳ ತಪ್ಪಿದೆ ಎಂಬುದರ ಅಳತೆ ಇದೇ.

ಆದರೆ 4:45 ಎನ್ನುವುದನ್ನೇ ಮೈಯ ನಿಜವಾದ ಹೊತ್ತು ಎಂದುಕೊಳ್ಳಬಾರದು. ರಜೆಯ ದಿನ ವಾರದ ಬಾಕಿ ನಿದ್ದೆಯನ್ನೂ ತೀರಿಸಿಕೊಳ್ಳುತ್ತೇವೆ, ಅದರಿಂದ ನಡುಹೊತ್ತು ಮುಂದಕ್ಕೆ ಜಾರುತ್ತದೆ. ಅದನ್ನು ಕಳೆಯಬೇಕು. ಐದು ದಿನ ತಲಾ 7 ಗಂಟೆ, ಎರಡು ದಿನ ತಲಾ ಎಂಟೂವರೆ, ಒಟ್ಟು 52 ಗಂಟೆ. ಏಳರಿಂದ ಭಾಗಿಸಿದರೆ ದಿನಕ್ಕೆ ಸುಮಾರು 7 ಗಂಟೆ 26 ನಿಮಿಷ. ರಜೆಯ ದಿನದ ನಿದ್ದೆ ಇದಕ್ಕಿಂತ 64 ನಿಮಿಷ ಹೆಚ್ಚು. ಅದರ ಅರ್ಧ, 32 ನಿಮಿಷವನ್ನು 4:45ರಿಂದ ಕಳೆದರೆ 4:13. ನಿದ್ದೆಯ ಹೊತ್ತನ್ನು ಅಧ್ಯಯನ ಮಾಡುವವರು ಒಬ್ಬ ವ್ಯಕ್ತಿ ಬೆಳಗಿನ ಜೀವವೋ ರಾತ್ರಿಯ ಜೀವವೋ ಎಂದು ಗುರುತಿಸುವುದಕ್ಕೆ ಬಳಸುವ ಲೆಕ್ಕವೂ ಇದೇ.

4:13ಕ್ಕೆ ಸರಾಸರಿ ನಿದ್ದೆಯ ಅರ್ಧ ಸೇರಿಸಿದರೆ, ಯಾರೂ ಎಬ್ಬಿಸದಿದ್ದರೆ ಮೈ ತಾನಾಗಿ ಏಳುವುದು ಹತ್ತಿರ ಹತ್ತಿರ 8ಕ್ಕೆ. ಮೈಯ ಒಳಗಿನ ಉಷ್ಣತೆ ತೀರಾ ಕೆಳಗಿಳಿಯುವುದು ಸಾಮಾನ್ಯವಾಗಿ ಹೀಗೆ ಏಳುವ ಹೊತ್ತಿಗೆ ಸುಮಾರು ಎರಡು ಗಂಟೆ ಮುಂಚೆ. ಅಂದರೆ ನನ್ನ ಮಟ್ಟಿಗೆ ಬೆಳಿಗ್ಗೆ 6ರ ಸುಮಾರಿಗೆ. ಐದೂವರೆಗೆ ಎದ್ದು ಆರಕ್ಕೆ ಭಾರ ಎತ್ತಲು ಹೊರಟರೆ, ಮೈ ಅತ್ಯಂತ ತಣ್ಣಗಿರುವ, ಮೆದುಳು ಇನ್ನೂ ಅರೆನಿದ್ದೆಯಲ್ಲಿರುವ ಗಳಿಗೆಯನ್ನೇ ಹುಡುಕಿ ಆರಿಸಿದಂತೆ. ಅದೇ ನಡುಹೊತ್ತು 2:45 ಇರುವವರಿಗೆ ಈ ತಳ ನಾಲ್ಕೂವರೆಗೇ ಕಳೆದಿರುತ್ತದೆ, ಆರಕ್ಕೆ ಅವರು ಚುರುಕಾಗಿರುತ್ತಾರೆ. ಇಬ್ಬರ ಶಿಸ್ತನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ.

ನಾನಿಟ್ಟುಕೊಂಡ ಗೆರೆ ಇಷ್ಟೇ: ತಿದ್ದಿದ ನಡುಹೊತ್ತು 3:30ಕ್ಕಿಂತ ಮುಂಚೆ ಇದ್ದರೆ ಬೆಳಿಗ್ಗೆ, 5 ದಾಟಿದರೆ ಸಂಜೆ, ನಡುವೆ ಇದ್ದರೆ ಕೆಲಸದ ವೇಳೆ ನೋಡಿ ತೀರ್ಮಾನ. ಪಾಳಿ ಬದಲಾಗುತ್ತಲೇ ಇರುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರು ಗಡಿಯಾರ ಬಿಟ್ಟು, ಎದ್ದ ಮೇಲೆ ಇಷ್ಟು ಗಂಟೆಗೆ ಎಂದು ಕಟ್ಟಿಕೊಳ್ಳುವುದೇ ವಾಸಿ.

ಕೆಲಸದ ವೇಳೆ ನೋಡುವಾಗ ಆಫೀಸಿನ ಘೋಷಿತ ಸಮಯವನ್ನು ನಂಬಬೇಡಿ. ಹತ್ತು ಕೆಲಸದ ದಿನ ನಿಜವಾಗಿ ಕೈ ಬಿಡುವಾದದ್ದು ಯಾವಾಗ ಎಂದು ಬರೆದಿಟ್ಟೆ: 6:10, 6:20, 6:20, 6:30, 6:30, 6:40, 6:45, 7:00, 7:40, 8:30. ಸರಾಸರಿ ತೆಗೆದರೆ 6:50ರ ಆಸುಪಾಸು ಬರುತ್ತದೆ. ಆದರೆ ನೋಡಬೇಕಾದದ್ದು ಹತ್ತರಲ್ಲಿ ಎಂಟು ದಿನ ಯಾವ ಗಂಟೆಯೊಳಗೆ ಬಿಡುವಾಗಿದೆ ಎಂಬುದನ್ನು. ಇಲ್ಲಿ ಅದು 7:00. ಪ್ರಯಾಣಕ್ಕೆ, ಬಟ್ಟೆ ಬದಲಿಸುವುದಕ್ಕೆ 45 ನಿಮಿಷ ಸೇರಿಸಿದರೆ ಆರಂಭ 7:45, ಮುಗಿಯುವುದು 8:40. ಮಲಗುವುದು 11:30ಕ್ಕೆ ಎಂದಿಟ್ಟುಕೊಂಡರೆ ಎರಡು ಮುಕ್ಕಾಲು ಗಂಟೆಗೂ ಹೆಚ್ಚು ಬಿಡುವಿದೆ, ಸಾಕು. ಸಂಜೆಯ ವ್ಯಾಯಾಮ ನಿದ್ದೆ ಕೆಡಿಸುತ್ತದೆ ಎನ್ನುವ ಮಾತು ಅರ್ಧ ನಿಜ. ತೊಂದರೆ ಆಗುವುದು ಏದುಸಿರು ಬರುವಷ್ಟು ಬಿರುಸಿನದನ್ನು ಮಲಗುವ ಒಂದು ಗಂಟೆಯೊಳಗೆ ಮುಗಿಸಿದಾಗ. ನಾನು ಸುರಕ್ಷಿತವಾಗಿರಲೆಂದು ಒಂದೂವರೆ ಗಂಟೆ ಇಟ್ಟುಕೊಂಡಿದ್ದೇನೆ. ಅಷ್ಟು ಅಂತರ ಸಿಗದಿದ್ದರೆ ಸಂಜೆಯ ಆಸೆ ಬಿಡಬೇಕು. ಸಂಜೆಯವರಿಗೆ ನಿದ್ದೆ ಕೆಡಿಸುವುದು ವ್ಯಾಯಾಮಕ್ಕಿಂತ ಹೆಚ್ಚಾಗಿ ಅದಕ್ಕೆ ಮುಂಚೆ ಕುಡಿಯುವ ಕಾಫಿ. ಅದರಲ್ಲಿನ ಕೆಫೀನ್‌ನ ಅರ್ಧಾಂಶ ಐದಾರು ಗಂಟೆಯ ನಂತರವೂ ಮೈಯಲ್ಲಿರುತ್ತದೆ.

ಸಂಜೆ ಬಿಡುವೇ ಇಲ್ಲ, ಬೆಳಿಗ್ಗೆಯೇ ಗತಿ ಎಂದಾದರೆ ಒಂದೇ ಸಲಕ್ಕೆ ಒಂದು ಗಂಟೆ ಮುಂಚೆ ಏಳುವುದು ಹೆಚ್ಚು ದಿನ ನಿಲ್ಲುವುದಿಲ್ಲ. ಅಲಾರಾಂ ಹಿಂದೆ ಸರಿದರೂ ನಿದ್ದೆ ಬರುವ ಹೊತ್ತು ಅಲ್ಲೇ ಇರುತ್ತದೆ, ಹಾಗಾಗಿ ಆರು ಗಂಟೆ ನಿದ್ದೆಯಲ್ಲಿ ದಿನ ತಳ್ಳಿ ಮೂರನೇ ವಾರ ಎಲ್ಲ ಕೈಬಿಡುತ್ತೇವೆ. ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದೆ ತನ್ನಿ. ಏಳರಿಂದ ಆರಕ್ಕೆ ಬರಲು 12 ದಿನ ಬೇಕು. ಆ 12 ದಿನ ವ್ಯಾಯಾಮ ಬೇಡ. ಎದ್ದ ಕೂಡಲೇ ಹೊರಗಿನ ಬೆಳಕಿನಲ್ಲಿ 20 ನಿಮಿಷ ನಡೆದರೆ ಸಾಕು. ಒಳಗಿನ ಗಡಿಯಾರವನ್ನು ಹಿಂದಕ್ಕೆ ಎಳೆಯುವುದು ಆ ಬೆಳಕು. ಬೆಳಕು ಹರಿಯುವ ಮುಂಚೆ ಎದ್ದರೆ ಆ ನಡಿಗೆಯನ್ನು ಬೆಳಕಾದ ಮೇಲಕ್ಕೆ ತಳ್ಳಿ. ರಾತ್ರಿ ಮಲಗುವ ಎರಡು ಗಂಟೆ ಮುಂಚಿನಿಂದಲೇ ಮನೆಯ ದೀಪ ಮಂದ ಮಾಡಿ. ರಜೆಯ ದಿನವೂ ಏಳುವ ಹೊತ್ತು ಒಂದು ಗಂಟೆಗಿಂತ ಹೆಚ್ಚು ಜಾರಬಾರದು. ಎರಡು ದಿನ ಹೊತ್ತೇರುವವರೆಗೆ ಮಲಗಿದರೆ ಹನ್ನೆರಡು ದಿನದಲ್ಲಿ ಸರಿಸಿದ್ದರಲ್ಲಿ ಒಳ್ಳೆಯ ಪಾಲು ಮರಳಿ ಹೋಗುತ್ತದೆ.

ಬೆಳಗಿನ ವ್ಯಾಯಾಮದಲ್ಲಿ ಬೆನ್ನಿನ ವಿಷಯ ಬೇರೆಯೇ ಹೇಳಬೇಕು. ರಾತ್ರಿ ಮಲಗಿದ್ದಾಗ ಬೆನ್ನುಮೂಳೆಗಳ ನಡುವಿನ ಮೆತ್ತೆಗಳು ನೀರು ಹೀರಿಕೊಂಡು ಉಬ್ಬಿರುತ್ತವೆ. ಎದ್ದ ಕೂಡಲೇ ಪೂರ್ತಿ ಬಗ್ಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ಹಾಗಾಗಿ ಡೆಡ್‌ಲಿಫ್ಟ್, ಸಿಟ್‌ಅಪ್, ಕಾಲ್ಬೆರಳು ಮುಟ್ಟುವುದು ಇವನ್ನೆಲ್ಲ ಎದ್ದ ಒಂದು ಗಂಟೆಯ ನಂತರಕ್ಕೆ ಇಡಿ. ಸಂಜೆ 8 ನಿಮಿಷದ ವಾರ್ಮಪ್ ಸಾಕಾದರೆ ಬೆಳಿಗ್ಗೆ 15 ಬೇಕು. ಮೊದಲ ಕೆಲವು ವಾರ ಅದೇ ತೂಕ ಬೆಳಿಗ್ಗೆ ಭಾರ ಎನಿಸುತ್ತದೆ. ಶಕ್ತಿ ಕುಂದಿತೆಂದು ಗಾಬರಿ ಬೀಳುವಂಥದ್ದೇನಿಲ್ಲ, ಐದು ಶೇಕಡಾ ಇಳಿಸಿ ಮುಂದುವರಿಸಿ. ನಿತ್ಯ ಅದೇ ಹೊತ್ತಿಗೆ ಮಾಡುತ್ತಾ ಹೋದರೆ ಅಂತರ ಬಹುಮಟ್ಟಿಗೆ ಕರಗುತ್ತದೆ.

ನನ್ನ 4:13 ನಡುವಿನ ಗುಂಪಿಗೆ ಬಿತ್ತು, ಬಿಡುವಿನ ಪಟ್ಟಿ ಸಂಜೆಯ ಕಡೆ ಕೈ ತೋರಿಸಿತು. ವಾರಕ್ಕೆ ಮೂರು ದಿನ, 7:45. ಉಳಿದದ್ದು ತಪ್ಪಿದ ದಿನಗಳ ಪ್ರಶ್ನೆ. ಹತ್ತರಲ್ಲಿ ಎರಡು ದಿನ ತಪ್ಪುತ್ತದೆಂದು ಪಟ್ಟಿಯೇ ಮೊದಲೇ ಹೇಳಿದೆ. 8:15ರೊಳಗೆ ತಲುಪಿದರೆ 15 ನಿಮಿಷದ ಚಿಕ್ಕ ಆವೃತ್ತಿ: ಸ್ಕ್ವಾಟ್, ಪುಶ್‌ಅಪ್, ರೋ, ತಲಾ ಎರಡು ಸೆಟ್. ಅದಕ್ಕಿಂತ ತಡವಾದರೆ ಅಂದಿಗೆ ಇಲ್ಲ, ಮರುದಿನ ಅದೇ 7:45ಕ್ಕೆ. ನಾಳೆ ಬೆಳಿಗ್ಗೆ ಬೇಗ ಎದ್ದು ಮಾಡಿಬಿಡೋಣ ಎನ್ನುವ ಯೋಚನೆಗೆ ಮಾತ್ರ ಜಾಗ ಕೊಟ್ಟಿಲ್ಲ. ತಡವಾಗಿ ಬಂದ ರಾತ್ರಿ ನಿದ್ದೆಯೂ ತಡ, ಅದರ ಮೇಲೆ ಬೆಳಗಿನ ಅಲಾರಾಂ ಬಿದ್ದರೆ ನಿದ್ದೆ ಎರಡೂ ತುದಿಯಿಂದ ಕತ್ತರಿಸಿಹೋಗುತ್ತದೆ.

ಆರು ವಾರದ ಮೇಲೆ ಅದೇ ನಿದ್ದೆಯ ಪಟ್ಟಿ ಮತ್ತೆ ಬರೆದೆ. ಕೆಲಸದ ದಿನ 11:30ರಿಂದ 7, ನಡುಹೊತ್ತು 3:15. ರಜೆಯ ದಿನ 12ರಿಂದ 8, ನಡುಹೊತ್ತು 4:00. ಅಂತರ ಒಂದೂಕಾಲು ಗಂಟೆಯಿಂದ 45 ನಿಮಿಷಕ್ಕೆ ಇಳಿದಿತ್ತು. ಅದು ಹಿಗ್ಗಿದ್ದರೆ, ಒಂದು ದಿನವೂ ವ್ಯಾಯಾಮ ತಪ್ಪಿಸದಿದ್ದರೂ, ಆರಿಸಿದ ಹೊತ್ತನ್ನು ಬದಲಿಸುತ್ತಿದ್ದೆ.