ಮೊದಲ ತುತ್ತಿಗೆ ಪ್ಯಾಕೆಟ್ ಆರಿಸಿದ್ದು: ಲೇಬಲ್ ಓದುತ್ತಾ ಕಲಿತ ಲೆಕ್ಕ

ಮಗಳಿಗೆಂದು ತಂದ ಗೋಧಿ ಸೀರಿಯಲ್ ಪುಡಿಯನ್ನು ಒಂದು ಚಿಟಿಕೆ ನಾಲಿಗೆ ಮೇಲೆ ಹಾಕಿಕೊಂಡೆ. ಸಿಹಿ. ಬರೀ ಹಾಲಿನ ಸಿಹಿಯಲ್ಲ, ಬಿಸ್ಕತ್ತಿನ ಹಿಟ್ಟಿನಂಥ ಸಿಹಿ. ಪ್ಯಾಕೆಟ್ ತಿರುಗಿಸಿ ನೋಡಿದರೆ ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ‘ಸಕ್ಕರೆ ಸೇರಿಸಿಲ್ಲ’ ಎಂದಿದೆ.

‘ಹಾಕಿಲ್ಲ ಅಂತ ಅವರೇ ಬರೆದಿದಾರಲ್ಲಮ್ಮ, ಇನ್ನೇನು ನೋಡ್ತೀಯ?’ ಅಂದರು ಅತ್ತೆ.

‘ನೀವೂ ಒಂದು ಚಿಟಿಕೆ ಬಾಯಿಗೆ ಹಾಕ್ಕೊಳ್ಳಿ ಅತ್ತೆ’ ಅಂದೆ. ಹಾಕಿಕೊಂಡು ಅವರೂ ಸುಮ್ಮನಾದರು.

ಆಗ ಮಗಳಿಗೆ ಐದೂವರೆ ತಿಂಗಳು. ಆರು ತುಂಬಿದ ಮೇಲೆ ಎದೆಹಾಲಿನ ಜೊತೆ ಮೇಲಾಹಾರ ಶುರು ಮಾಡೋಣ ಎಂದುಕೊಂಡಿದ್ದೆವು. ಮನೆಯಲ್ಲಿ ಮಾಡಿದ್ದನ್ನೇ ಕೊಡುವ ಇರಾದೆ ಇದ್ದರೂ, ಕೆಲಸಕ್ಕೆ ಹೋಗುವ ದಿನಗಳಿಗೆ, ಪ್ರಯಾಣಕ್ಕೆ ಅಂತ ಒಂದೆರಡು ಪ್ಯಾಕೆಟ್ ಬೇಕೇ ಬೇಕಿತ್ತು. ಅಂಗಡಿಯಿಂದ ನಾಲ್ಕು ಬಗೆ ತಂದೆ: ಹಾಲಿನ ಪುಡಿ ಬೆರೆತ ಗೋಧಿ ಸೀರಿಯಲ್, ಬರೀ ಓಟ್ಸ್ ಸೀರಿಯಲ್, ಸೊಪ್ಪು–ಹಣ್ಣಿನ ಪ್ಯೂರಿ ಇರುವ ಪೌಚ್, ಮತ್ತೆ ಮಕ್ಕಳ ಬಿಸ್ಕತ್ತು. ಮೇಜಿನ ಮೇಲೆ ಸಾಲಾಗಿಟ್ಟು, ಕಾಗದ ಪೆನ್ನು ಹಿಡಿದು ಕೂತೆ.

ಮೊದಲ ದಿನವೇ ಎಡವಿದೆ. ನಾಲ್ಕರಲ್ಲೂ 100 ಗ್ರಾಂಗೆ ಎಷ್ಟು ಸಕ್ಕರೆ ಎಂದು ಬರೆದುಕೊಂಡೆ. ಗೋಧಿ ಸೀರಿಯಲ್‌ನಲ್ಲಿ 31 ಗ್ರಾಂ, ಪೌಚ್‌ನಲ್ಲಿ 10. ಹಾಗಾದರೆ ಪೌಚೇ ವಾಸಿ ಎಂದು ಗೆರೆ ಎಳೆದುಬಿಟ್ಟೆ. ರಾತ್ರಿ ಪಾತ್ರೆ ತೊಳೆಯುತ್ತಿರುವಾಗ ಹೊಳೆಯಿತು: ಒಂದು ಒಣ ಪುಡಿ, ಇನ್ನೊಂದರಲ್ಲಿ ಮುಕ್ಕಾಲಿಗೂ ಹೆಚ್ಚು ನೀರೇ. ಇವೆರಡನ್ನು ಗ್ರಾಂ ಲೆಕ್ಕದಲ್ಲಿ ತೂಗುವುದೆಂದರೆ ಅಕ್ಕಿಯನ್ನೂ ಗಂಜಿಯನ್ನೂ ಒಂದೇ ತಕ್ಕಡಿಗೆ ಹಾಕಿದ ಹಾಗೆ.

ನೀರಿನ ಗೊಂದಲ ತಪ್ಪಬೇಕಾದರೆ ಶಕ್ತಿಯ ಲೆಕ್ಕ ಹಿಡಿಯಬೇಕು. ಒಂದು ಗ್ರಾಂ ಸಕ್ಕರೆಗೆ 4 ಕಿಲೋಕ್ಯಾಲೊರಿ. ಲೇಬಲ್ಲಿನ ಸಕ್ಕರೆಯ ಗ್ರಾಂ ಅನ್ನು 4ರಿಂದ ಗುಣಿಸಿ, ಅದೇ ಲೇಬಲ್ಲಿನ ಒಟ್ಟು ಕಿಲೋಕ್ಯಾಲೊರಿಯಿಂದ ಭಾಗಿಸಿದರೆ, ಮಗು ತಿನ್ನುವ ಶಕ್ತಿಯಲ್ಲಿ ಸಕ್ಕರೆಯ ಪಾಲೆಷ್ಟು ಅಂತ ಸಿಗುತ್ತದೆ. ಗೋಧಿ ಸೀರಿಯಲ್: 31ಕ್ಕೆ 124, ಒಟ್ಟು 410. ಶೇ. 30. ಪೌಚ್: 10ಕ್ಕೆ 40, ಒಟ್ಟು 55. ಶೇ. 70ಕ್ಕೂ ಮೇಲೆ. ಬರೀ ಓಟ್ಸ್‌ನಲ್ಲಿ 100 ಗ್ರಾಂಗೆ ಒಂದೂವರೆ ಗ್ರಾಂ ಸಕ್ಕರೆ, 380 ಕಿಲೋಕ್ಯಾಲೊರಿ, ಶೇ. 2 ಕೂಡ ಆಗಲಿಲ್ಲ. ನಾನು ಎಳೆದಿದ್ದ ಗೆರೆ ಪೂರ್ತಿ ತಲೆಕೆಳಗಾಯಿತು.

ಪೌಚ್‌ನ ಪದಾರ್ಥಗಳ ಪಟ್ಟಿ ಓದಿದಾಗ ಕಾರಣವೂ ಗೊತ್ತಾಯಿತು. ಮುಂದೆ ಚಿತ್ರ ಸೊಪ್ಪಿನದು, ಹೆಸರೂ ಸೊಪ್ಪಿನದು. ಹಿಂದೆ: ಸೇಬು 48%, ಪೇರ್ 30%, ಕ್ಯಾರೆಟ್ 14%, ಪಾಲಕ್ 8%. ಪಟ್ಟಿಯಲ್ಲಿ ತೂಕ ಹೆಚ್ಚಿರುವುದೇ ಮೊದಲು ಬರುತ್ತದೆ. ಹಾಗಾಗಿ ಹೆಸರಿಗೆ ಬಂದ ಪದಾರ್ಥ ಎಷ್ಟನೇ ಸ್ಥಾನದಲ್ಲಿದೆ ಎಂದು ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ, ಸಕ್ಕರೆ ಸುರಿದೂ ಇರಲಿಲ್ಲ. ಆದರೆ ಮಗು ಸವಿಯುವುದು ಸೇಬನ್ನೇ ಹೊರತು ಪಾಲಕ್ ಅನ್ನಲ್ಲ. ಸೊಪ್ಪಿನ ರುಚಿ ಹಿಡಿಸಲಿ ಎಂಬ ನನ್ನ ಆಸೆ ಇದರಿಂದ ಈಡೇರುವಂತಿರಲಿಲ್ಲ. ಆ ಪೌಚನ್ನು ಎಸೆಯಲಿಲ್ಲ, ಹಣ್ಣು ಎಂದೇ ಲೆಕ್ಕ ಹಾಕಿ, ಬಟ್ಟಲಿಗೆ ಹಿಂಡಿ ಚಮಚದಲ್ಲಿ ಕೊಟ್ಟೆ. ಮೂತಿಯಿಂದ ನೇರವಾಗಿ ಹೀರಿದರೆ ಸಿಹಿ ಹೊಸ ಹಲ್ಲುಗಳ ಸುತ್ತಲೇ ನಿಲ್ಲುತ್ತದೆ, ಮಗುವಿಗೆ ಚಮಚದಿಂದ ತಿನ್ನುವ ಅಭ್ಯಾಸವೂ ಆಗುವುದಿಲ್ಲ.

ಇನ್ನು ಆ ಗೋಧಿ ಸೀರಿಯಲ್. ಸಕ್ಕರೆ ಸೇರಿಸಿಲ್ಲ ಅಂದಮೇಲೆ 31 ಗ್ರಾಂ ಎಲ್ಲಿಂದ ಬಂತು? ಪಟ್ಟಿ ಹೀಗಿತ್ತು: ಹೈಡ್ರೊಲೈಸ್ಡ್ ಗೋಧಿ ಹಿಟ್ಟು 56%, ಕೆನೆರಹಿತ ಹಾಲಿನ ಪುಡಿ 25%, ಮಾಲ್ಟೋಡೆಕ್ಸ್‌ಟ್ರಿನ್, ಎಣ್ಣೆ, ಬಾಳೆಹಣ್ಣಿನ ಪುಡಿ 4%, ಖನಿಜ, ವಿಟಮಿನ್.

ಕೆನೆರಹಿತ ಹಾಲಿನ ಪುಡಿಯಲ್ಲಿ ಸುಮಾರು ಅರ್ಧ ಲ್ಯಾಕ್ಟೋಸೇ ಇರುತ್ತದೆ. ಅಂದರೆ 25 ಗ್ರಾಂ ಪುಡಿಯಿಂದ 12–13 ಗ್ರಾಂ. ಇದು ಹಾಲಿನದೇ ಸಕ್ಕರೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಬಾಳೆಹಣ್ಣಿನ ಪುಡಿಯಿಂದ ಎರಡೂವರೆ ಗ್ರಾಂ ಇಟ್ಟುಕೊಳ್ಳೋಣ. ಒಟ್ಟು 15. ಉಳಿದ 16 ಗ್ರಾಂ? ಅದು ಮೊದಲನೇ ಪದಾರ್ಥದಲ್ಲೇ ಇತ್ತು. ‘ಹೈಡ್ರೊಲೈಸ್ಡ್’ ಅಂದರೆ ಹಿಟ್ಟಿನ ಪಿಷ್ಟವನ್ನು ಕಿಣ್ವ ಹಾಕಿ ಮೊದಲೇ ಒಡೆದಿರುವುದು. ಹಾಗೆ ಒಡೆದಾಗ ಗಂಜಿ ಗಂಟುಕಟ್ಟುವುದಿಲ್ಲ, ತೆಳುವಾಗಿ ಕಲೆಯುತ್ತದೆ. ಜೊತೆಗೆ ಪಿಷ್ಟದ ಒಂದು ಪಾಲು ಮಾಲ್ಟೋಸ್ ಮತ್ತು ಗ್ಲೂಕೋಸ್ ಆಗಿಬಿಡುತ್ತದೆ. ಹೊರಗಿನಿಂದ ಸಕ್ಕರೆ ಹಾಕಲೇ ಇಲ್ಲ, ಹಿಟ್ಟೇ ಸಕ್ಕರೆಯಾಯಿತು. ಪ್ಯಾಕೆಟ್ ಮುಂಭಾಗದ ಬರಹವೂ ಸರಿ, ನನ್ನ ನಾಲಿಗೆಯೂ ಸರಿ. 40 ಗ್ರಾಂ ಪುಡಿ ಕಲಸಿದರೆ ಈ ಬಗೆಯ ಸಕ್ಕರೆಯೇ ಆರು ಗ್ರಾಂ ಮೇಲಾಗುತ್ತದೆ, ಸುಮಾರು ಒಂದೂವರೆ ಟೀ ಚಮಚ.

ಮಾಲ್ಟೋಡೆಕ್ಸ್‌ಟ್ರಿನ್‌ದು ಬೇರೆಯೇ ಕಥೆ. ಅದೂ ಒಡೆದ ಪಿಷ್ಟವೇ, ಆದರೆ ಸರಪಳಿ ಸ್ವಲ್ಪ ಉದ್ದ ಇರುವುದರಿಂದ ಅದರ ಬಹುಪಾಲು ಲೇಬಲ್ಲಿನ ‘ಸಕ್ಕರೆ’ ಸಾಲಿಗೆ ಬರುವುದೇ ಇಲ್ಲ, ಬರೀ ಕಾರ್ಬೋಹೈಡ್ರೇಟ್ ಅಂತ ಎಣಿಕೆಯಾಗುತ್ತದೆ. ಹೊಟ್ಟೆಗೆ ಹೋದ ಮೇಲೆ ಮಾತ್ರ ಗ್ಲೂಕೋಸ್ ಆಗಲು ಅದಕ್ಕೆ ಹೆಚ್ಚು ಹೊತ್ತು ಬೇಡ. ಪಟ್ಟಿಯಲ್ಲಿ ಅದರ ಮುಂದೆ ಶೇಕಡಾ ಕೊಟ್ಟಿರಲಿಲ್ಲ. ನೂರರಲ್ಲಿ 56, 25, 4 ಕಳೆದರೆ ಉಳಿಯುವುದು 15. ಅದರಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಎಣ್ಣೆಗಿಂತ ಮೊದಲು ಬಂದಿದೆ. ಹಾಗಾದರೆ ಏಳು ಗ್ರಾಂ ಆಸುಪಾಸು ಇರಬೇಕು ಎಂದು ಅಂದಾಜಿಸಿದೆ. ಹೀಗೆ ಸ್ಥಾನ ನೋಡಿ ಅಳತೆ ಹಿಡಿಯುವುದು ಒಂಥರಾ ಚಟವಾಗಿ, ನಮ್ಮ ಮನೆಯವರು ‘ಟೂತ್‌ಪೇಸ್ಟನ್ನಾದರೂ ಬಿಡು’ ಅನ್ನುವವರೆಗೆ ಹೋಯಿತು.

ಆಮೇಲೆ ಹಣ್ಣಿನ ರಸದ ಸಾಂದ್ರ, ಜೇನು, ಸಿರಪ್, ಮಾಲ್ಟ್ ಸಾರ, ಡೆಕ್ಸ್‌ಟ್ರೋಸ್ ಅಂತ ಎಲ್ಲಿ ಕಂಡರೂ ಸಕ್ಕರೆ ಎಂದೇ ಓದಿಕೊಂಡೆ. ಜೇನಿನ ವಿಷಯಕ್ಕೆ ಸಿಹಿಯಷ್ಟೇ ಕಾರಣವಲ್ಲ. ಅದರಲ್ಲಿ ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣುಗಳಿರಬಹುದು, ವರ್ಷ ತುಂಬದ ಮಗುವಿನ ಕರುಳಿನಲ್ಲಿ ಅವು ಮೊಳೆತು ವಿಷ ಮಾಡಬಲ್ಲವು. ಹಾಗಾಗಿ 12 ತಿಂಗಳಾಗುವವರೆಗೆ ಒಂದು ನೆಕ್ಕು ಕೂಡ ಇಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿಬಿಟ್ಟೆ.

ಉಪ್ಪಿಗೂ ಅದೇ ಶಕ್ತಿಯ ಅಳತೆ. ಧಾನ್ಯದ ಶಿಶು ಆಹಾರಕ್ಕೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಮಾನದಂಡ 100 ಕಿಲೋಕ್ಯಾಲೊರಿಗೆ 100 ಮಿಲಿಗ್ರಾಂ ಸೋಡಿಯಂವರೆಗೆ ಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2022ರಲ್ಲಿ ಕೊಟ್ಟ ಮಾದರಿಯಲ್ಲಿ ಹೆಚ್ಚಿನ ಪದಾರ್ಥಗಳಿಗೆ ಮಿತಿ 50. ನಾನು 50 ಹಿಡಿದೆ. ಗೋಧಿ ಸೀರಿಯಲ್‌ನಲ್ಲಿ 100 ಗ್ರಾಂಗೆ 150 ಮಿ.ಗ್ರಾಂ, ಅಂದರೆ 100 ಕಿಲೋಕ್ಯಾಲೊರಿಗೆ 37 ಆಯಿತು. ಅದರಲ್ಲೂ ಹೆಚ್ಚಿನ ಪಾಲು ಹಾಲಿನ ಪುಡಿಯದೇ. ಪರವಾಗಿಲ್ಲ.

ಸಿಕ್ಕಿಬಿದ್ದದ್ದು ಬಿಸ್ಕತ್ತು. ಪಟ್ಟಿಯಲ್ಲಿ ಉಪ್ಪು ಅನ್ನುವ ಪದವೇ ಇಲ್ಲ, ಬಾಯಿಗೂ ಉಪ್ಪು ಗೊತ್ತಾಗುವುದಿಲ್ಲ. ಆದರೂ 100 ಗ್ರಾಂಗೆ 300 ಮಿ.ಗ್ರಾಂ ಸೋಡಿಯಂ, 430 ಕಿಲೋಕ್ಯಾಲೊರಿ. ಲೆಕ್ಕ ಹಾಕಿದರೆ 70. ಇದಕ್ಕೆ ಕಾರಣ ಅಡುಗೆ ಸೋಡ. ಹಿಟ್ಟು ಉಬ್ಬಲು ಹಾಕುವ ಸೋಡಿಯಂ ಬೈಕಾರ್ಬೊನೇಟ್‌ನಲ್ಲೂ ಸೋಡಿಯಂ ಇದೆಯಲ್ಲ. ಇನ್ನೊಂದು ಎಚ್ಚರ: ಕೆಲವು ಪ್ಯಾಕೆಟ್ ‘ಉಪ್ಪು’ ಎಂದು ಗ್ರಾಂನಲ್ಲಿ ಬರೆಯುತ್ತವೆ, ಕೆಲವು ‘ಸೋಡಿಯಂ’ ಎಂದು ಮಿಲಿಗ್ರಾಂನಲ್ಲಿ. ಸೋಡಿಯಂ ಅನ್ನು ಎರಡೂವರೆ ಪಟ್ಟು ಮಾಡಿದರೆ ಉಪ್ಪು. 300 ಮಿ.ಗ್ರಾಂ ಸೋಡಿಯಂ ಅಂದರೆ ಮುಕ್ಕಾಲು ಗ್ರಾಂ ಉಪ್ಪು. ವರ್ಷದೊಳಗಿನ ಮಗುವಿಗೆ ಬ್ರಿಟನ್‌ನ ಆರೋಗ್ಯ ಸೇವೆ ಹೇಳುವುದು ದಿನಕ್ಕೆ ಒಂದು ಗ್ರಾಂ ಉಪ್ಪಿಗಿಂತ ಕಡಿಮೆ. ಎಂದೋ ಎರಡು ಬಿಸ್ಕತ್ತು ತಿಂದರೆ ಏನೂ ಆಗುವುದಿಲ್ಲ, ಅದರಿಂದ ಬರುವ ಉಪ್ಪು ತೀರಾ ಕಡಿಮೆ. ಆದರೆ ನಮ್ಮಲ್ಲಿ ಅದು ಅಳು ನಿಲ್ಲಿಸುವ ಔಷಧಿಯಾಗುವುದು ಗೊತ್ತಿದ್ದರಿಂದ ಆ ಡಬ್ಬಿ ದೊಡ್ಡವರ ಚಹಾದ ಪಾಲಾಯಿತು.

ಕೊನೆಗೆ ಉಳಿದದ್ದು ಬರೀ ಓಟ್ಸ್. ಪಟ್ಟಿಯಲ್ಲಿ ಓಟ್ಸ್ ಹಿಟ್ಟು, ಕಬ್ಬಿಣ, ಒಂದೆರಡು ವಿಟಮಿನ್, ಅಷ್ಟೇ. ಕಬ್ಬಿಣ 100 ಗ್ರಾಂಗೆ 12 ಮಿ.ಗ್ರಾಂ ಇತ್ತು. ಹುಟ್ಟುವಾಗ ತಂದ ಕಬ್ಬಿಣ ಆರನೇ ತಿಂಗಳ ಹೊತ್ತಿಗೆ ಕರಗುತ್ತಾ ಬರುವುದರಿಂದ ಈ ಸಾಲನ್ನು ನಾನು ಸಕ್ಕರೆಯಷ್ಟೇ ಗಮನವಿಟ್ಟು ನೋಡಿದೆ. ಹಿಂಡಿ ತೆಗೆದ ಎದೆಹಾಲಿನಲ್ಲಿ ಕಲಸುತ್ತಿದ್ದೆ.

ಮಗಳು ಒಪ್ಪಬೇಕಲ್ಲ! ಮೊದಲ ವಾರ ಓಟ್ಸ್ ತಿಂದಳು. ಆಮೇಲೆ ನಾನು ಊರಿಗೆ ಹೋಗಿದ್ದ ಎರಡು ದಿನ ಉಳಿದಿದ್ದ ಗೋಧಿ ಸೀರಿಯಲ್ ಕೊಟ್ಟರು. ವಾಪಸ್ ಬಂದು ಓಟ್ಸ್ ಹಿಡಿದರೆ ಬಾಯಿ ಬಿಗಿ. ಯಾರನ್ನೂ ಬೈಯಲಿಲ್ಲ, ಪ್ಯಾಕೆಟ್ ಕಣ್ಣೆದುರೇ ಇಟ್ಟು ಹೋದವಳು ನಾನೇ. ಮೂರು ಪಾಲು ಗೋಧಿ ಸೀರಿಯಲ್‌ಗೆ ಒಂದು ಪಾಲು ಓಟ್ಸ್‌ನಿಂದ ಶುರು ಮಾಡಿ, ಎರಡು ದಿನಕ್ಕೊಮ್ಮೆ ಪಾಲು ಬದಲಿಸುತ್ತಾ ಬಂದೆ. ಹತ್ತು ದಿನಕ್ಕೆ ಮತ್ತೆ ಬರೀ ಓಟ್ಸ್‌ಗೆ ಬಂದಳು.

ವಯಸ್ಸಿನ ಗುರುತಿನ ಬಗ್ಗೆ ಒಂದು ಮಾತು. ಪೌಚ್ ಮೇಲೆ ‘4 ತಿಂಗಳಿಂದ’ ಎಂದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಆರು. ಆ ನಾಲ್ಕನ್ನು ನಾನು ‘ಶುರು ಮಾಡಿ’ ಎಂದು ಓದಲಿಲ್ಲ. ತಲೆ ನೆಟ್ಟಗೆ ನಿಲ್ಲುತ್ತಿದೆಯೇ, ಆಸರೆ ಕೊಟ್ಟರೆ ಕೂರುತ್ತಾಳೆಯೇ, ಚಮಚ ಇಟ್ಟರೆ ನಾಲಿಗೆಯಿಂದ ಹೊರಗೆ ತಳ್ಳುವುದು ನಿಂತಿದೆಯೇ ಎಂದು ನೋಡಿದೆ. ತಪ್ಪು ಮಾಡಿದ್ದು ಇನ್ನೊಂದು ತುದಿಯಲ್ಲಿ. ನುಣ್ಣಗಿನದು ಸುಲಭ ಎಂದು ಎಂಟೂವರೆ ತಿಂಗಳವರೆಗೂ ‘6 ತಿಂಗಳಿಂದ’ ಎಂದಿದ್ದ ನುಣುಪು ಪದಾರ್ಥದಲ್ಲೇ ಉಳಿದುಬಿಟ್ಟೆ. ಆಮೇಲೆ ತರಿತರಿಯಾದದ್ದು ಕೊಟ್ಟ ದಿನ ಓಕರಿಸಿ, ಮುಖ ಕೆಂಪಗೆ ಮಾಡಿಕೊಂಡು ಕೆಮ್ಮಿದಳು. ನಾನು ಗಾಬರಿಯಾದೆ. ಸದ್ದು ಬರುತ್ತಿದೆ, ಕೆಮ್ಮುತ್ತಿದ್ದಾಳೆ ಅಂದರೆ ಗಂಟಲು ತಾನೇ ಕಾಯ್ದುಕೊಳ್ಳುತ್ತಿದೆ; ಸದ್ದೇ ಇಲ್ಲದೆ ಉಸಿರು ಕಟ್ಟಿದರೆ ಅದು ಅಪಾಯ ಎಂದು ಮಕ್ಕಳ ಡಾಕ್ಟರು ಮೊದಲೇ ಹೇಳಿದ್ದರಿಂದ ಬೆರಳು ಹಾಕಿ ತೆಗೆಯಲು ಹೋಗಲಿಲ್ಲ. ಮರುದಿನದಿಂದ ಓಟ್ಸ್‌ಗೆ ಫೋರ್ಕಿನಲ್ಲಿ ಒರಟಾಗಿ ಹಿಸುಕಿದ ಬಾಳೆಹಣ್ಣು ಒಂದೊಂದು ಚಮಚ ಸೇರಿಸಿದೆ. ಒಂಬತ್ತು ತಿಂಗಳು ತುಂಬುವಷ್ಟರಲ್ಲಿ ತುಂಡನ್ನು ಕೈಯಲ್ಲೇ ಹಿಡಿದು, ಅರ್ಧ ಬಾಯಿಗೆ ಅರ್ಧ ಕೂದಲಿಗೆ ಹಾಕಿಕೊಳ್ಳುವಂತಾದಳು.