ಜಾಹೀರಾತಿಗೆ ಕಾರು ಕತ್ತರಿಸುವಾಗ ಗಾಜು, ಕನ್ನಡಿ

ಡೀಲರ್ ಯಾರ್ಡ್‌ನಲ್ಲಿ ತೆಗೆದ ಫೋಟೋದಲ್ಲಿ ಬಿಳಿ ಕಾರು, ಅದರ ಆಚೆ ಕೆಂಪು ಕಾರು ನಿಂತಿದೆ ಅಂದುಕೊಳ್ಳಿ. ಬಿಳಿ ಕಾರನ್ನಷ್ಟೇ ಕತ್ತರಿಸಿ ಜಾಹೀರಾತಿನ ಹೊಸ ಹಿನ್ನೆಲೆಯ ಮೇಲೆ ಇಡಬೇಕು. ಫೋಟೋಶಾಪ್‌ನಲ್ಲಿ ಬಾಡಿಯ ಅಂಚನ್ನು ಪೆನ್ ಟೂಲ್‌ನಿಂದಲೇ ಎಳೆಯಿರಿ. ಗೆರೆ ಅಂಚಿಗಿಂತ ಒಂದೆರಡು ಪಿಕ್ಸೆಲ್ ಒಳಗಿರಲಿ, ಇಲ್ಲದಿದ್ದರೆ ಹಿಂದಿನ ಬಣ್ಣದ ಎಳೆ ಸುತ್ತಲೂ ಉಳಿಯುತ್ತದೆ. Make Selection ಕೊಡುವಾಗ Feather Radius 0.5 ಸಾಕು. ಆಮೇಲೆ ಲೇಯರ್ ಮಾಸ್ಕ್ ಹಾಕಿ, ಏನನ್ನೂ ಅಳಿಸಬೇಡಿ.

ಕೆಲಸ ಕೆಡುವುದು ಕಿಟಕಿಯಲ್ಲಿ. ಗಾಜನ್ನು ಹಾಗೇ ಬಿಟ್ಟರೆ ಅದರೊಳಗೆ ಕೆಂಪು ಕಾರು ಕಾಣುತ್ತದೆ. ಪೂರ್ತಿ ತೆಗೆದರೆ ಗಾಜೇ ಇಲ್ಲದ ಗುಜರಿ ಗಾಡಿಯಂತಿರುತ್ತದೆ. ಆದ್ದರಿಂದ ಸೀಟು, ಹೆಡ್‌ರೆಸ್ಟ್, ಸ್ಟೀರಿಂಗ್ ಉಳಿಸಿಕೊಂಡು, ಆಚೆ ಬದಿಯ ಕಿಟಕಿಯ ಮೂಲಕ ಕಾಣುವ ಭಾಗವನ್ನಷ್ಟೇ ಮಾಸ್ಕ್‌ನಲ್ಲಿ ಕಪ್ಪು ಮಾಡಿ. ಕಾರಿನ ಲೇಯರ್ ಕೆಳಗೆ ಹೊಸ ಲೇಯರ್ ತೆಗೆದು, ಆ ಖಾಲಿ ಜಾಗಕ್ಕೆ ಕಡು ಬೂದು ತುಂಬಿ Opacity 35%ರ ಆಸುಪಾಸು ಇಡಿ. ಹೊಸ ಹಿನ್ನೆಲೆ ಮಂದವಾಗಿ ಕಂಡು, ಗಾಜು ಗಾಜಿನಂತೆಯೇ ಇರುತ್ತದೆ. ಹೆಡ್‌ರೆಸ್ಟ್‌ನ ಎರಡು ಕಂಬಿಗಳ ನಡುವಿನ ಸಂದು ಮರೆಯಬೇಡಿ, ಕೆಂಪು ಅಲ್ಲೇ ಇಣುಕುವುದು.

ಸೈಡ್ ಮಿರರ್ ಗಾಜಿಗೆ ತೂತು ಮಾಡಬಾರದು, ಅದರಲ್ಲಿರುವುದು ಪ್ರತಿಬಿಂಬ. ಅಲ್ಲಿ ಯಾರ್ಡ್‌ನ ಬೋರ್ಡ್ ಅಥವಾ ಫೋಟೋ ತೆಗೆದವರು ಕಂಡರೆ ಆ ಗಾಜನ್ನಷ್ಟೇ ಸೆಲೆಕ್ಟ್ ಮಾಡಿ Gaussian Blur ಕೊಡಿ, Hue/Saturationನಲ್ಲಿ ಬಣ್ಣ ಇಳಿಸಿ. ಕತ್ತರಿಸಬೇಕಾದದ್ದು ಮಿರರ್ ಕಾಲು ಮತ್ತು ಬಾಗಿಲಿನ ನಡುವಿನ ಚಿಕ್ಕ ಸಂದನ್ನು.

ಮುಗಿದ ಮೇಲೆ ಕೆಳಗೊಂದು ಗಾಢ ಹಸಿರು ಲೇಯರ್ ಇಟ್ಟು 200%ಗೆ ಹಿಗ್ಗಿಸಿ ನೋಡಿ, ಉಳಿದ ಚೂರುಗಳು ಎದ್ದು ಕಾಣುತ್ತವೆ. ಬಾಗಿಲಿನ ಗೀರು, ತಗ್ಗು ಮಾತ್ರ ಅಳಿಸಬೇಡಿ. ಕೊಳ್ಳುವವರು ಗಾಡಿ ನೋಡಲು ಬಂದೇ ಬರುತ್ತಾರೆ.