ರಾತ್ರಿ ಕಳಿಸುವ ಮೆಸೇಜಿನಲ್ಲಿ ಮೊದಲ ಸಾಲು

ಕೆಲಸದ ವಿಷಯ ನಮಗೆ ನೆನಪಾಗುವುದೇ ರಾತ್ರಿ ಊಟ ಆದಮೇಲೆ, ಅಲ್ವಾ? ನಾನೂ ಹಾಗೇ ನಮ್ಮ ಟೀಮಿನ ಹುಡುಗಿಗೆ ಒಂಬತ್ತೂವರೆಗೆ ಹೀಗೆ ಕಳಿಸಿದ್ದೆ: "ಮಾರ್ಚ್ ಬಿಲ್ಲಿನ ಶೀಟಲ್ಲಿ ಮೊತ್ತ ತಾಳೆ ಆಗ್ತಿಲ್ಲ. ಬಿಡುವಾದಾಗ ನೋಡಿ." ಪಾಪ, ಹನ್ನೊಂದಕ್ಕೆ ಲ್ಯಾಪ್‌ಟಾಪ್ ತೆಗೆದು ಕೂತಿದ್ದಳು.

ತಪ್ಪು ನನ್ನದೇ. "ಬಿಡುವಾದಾಗ" ಅಂದರೆ ನನಗೆ ನಾಳೆ, ಅವಳಿಗೆ ಈಗಲೇ. ಮೇಲಾಗಿ ಫೋನಿನ ನೋಟಿಫಿಕೇಶನ್‌ನಲ್ಲಿ ಮೊದಲು ಕಣ್ಣಿಗೆ ಬೀಳುವುದು ಮೊದಲ ಸಾಲೇ. ಅಲ್ಲಿ ಇದ್ದದ್ದು ತಪ್ಪಿನ ಸುದ್ದಿ.

ಈಗ ಕೆಲಸ ಯಾವತ್ತಿನದು ಅನ್ನುವುದನ್ನೇ ಮೊದಲು ಬರೆಯುತ್ತೇನೆ: "ಇದು ನಾಳೆಯ ಕೆಲಸ, ಈಗ ಉತ್ತರ ಬೇಡ. ಮಾರ್ಚ್ ಬಿಲ್ಲಿನ ಶೀಟಲ್ಲಿ 12ನೇ ಸಾಲಿನ ಮೊತ್ತ ನೋಡಬೇಕು. ನಾಳೆ ಮಧ್ಯಾಹ್ನ 3ರೊಳಗೆ ಹೇಳಿದರೆ ಸಾಕು." ಬರೀ "ಒಂದು ವಿಷಯ ಮಾತಾಡಬೇಕಿತ್ತು" ಅಂತ ಕಳಿಸಿ ಸುಮ್ನೆ ಇರಬೇಡಿ. ಏನೆಂದು ಗೊತ್ತಾಗದೆ ನಿದ್ದೆಯೇ ಬರುವುದಿಲ್ಲ.

ಮೇಲ್ ಆದರೆ ಇನ್ನೂ ಸುಲಭ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು Send ಪಕ್ಕದ ಬಾಣ ಒತ್ತಿ, Schedule send ಆರಿಸಿ, ಬೆಳಿಗ್ಗೆ 9:30 ಕೊಡಿ. ನಿಜಕ್ಕೂ ರಾತ್ರಿಯೇ ಆಗಬೇಕಾದ ಕೆಲಸವಿದ್ದರೆ ಮೆಸೇಜ್ ಬೇಡ, ಫೋನ್ ಮಾಡಿ ಕೇಳಿ.